ಗಣಿತ ಪರೀಕ್ಷೆ ಯಾವ ದಿನ?

ಅರ್ಧವಾರ್ಷಿಕ ಪರೀಕ್ಷೆಯ ವೇಳಾಪಟ್ಟಿ ನೋಟೀಸು ಬೋರ್ಡಿಗೆ ಬಂದೊಡನೆ ಮಕ್ಕಳು ಮೊದಲು ಹುಡುಕುವುದು ಗಣಿತ ಯಾವ ದಿನ ಎಂಬುದನ್ನು. ಹೆತ್ತವರು ನೋಡುವುದು ಕೊನೆಯ ದಿನವನ್ನು. ಊರಿಗೆ ಹೊರಡುವುದು ಯಾವಾಗ ಎಂಬ ಲೆಕ್ಕ ಅವರದು. ಆದರೆ ಆ ಹಾಳೆ ಸಿದ್ಧವಾಗುವಾಗ ಮೊದಲು ಎಣಿಸುವುದು ಬೆಂಚುಗಳನ್ನು.

ಉಡುಪಿ ಪೇಟೆಯ ಒಂದು ಪ್ರೌಢಶಾಲೆ ಎಂದಿಟ್ಟುಕೊಳ್ಳೋಣ. ಎಂಟು, ಒಂಬತ್ತು, ಹತ್ತು, ಪ್ರತಿ ತರಗತಿಯಲ್ಲಿ 80 ಮಕ್ಕಳು, ಒಟ್ಟು 240. ಕೊಠಡಿಗಳು 7, ಪ್ರತಿಯೊಂದರಲ್ಲಿ 12 ಬೆಂಚು. ಬೆಂಚಿಗೆ ಇಬ್ಬರಂತೆ ಕೂರಿಸಿದರೂ ಒಮ್ಮೆಗೆ 168 ಮಕ್ಕಳಿಗಷ್ಟೇ ಜಾಗ. ಹಾಗಾಗಿ ಬೆಳಿಗ್ಗೆ ಎಂಟು ಮತ್ತು ಹತ್ತು, ಮಧ್ಯಾಹ್ನ ಒಂಬತ್ತು. ಬೆಳಿಗ್ಗೆ ಒಂದೇ ಬೆಂಚಿನಲ್ಲಿ ಎಂಟರವನೊಬ್ಬ, ಹತ್ತರವನೊಬ್ಬ. ಪಕ್ಕದವನ ಉತ್ತರ ನೋಡಿ ಪ್ರಯೋಜನವಿಲ್ಲ. ಮಧ್ಯಾಹ್ನ ಎಲ್ಲರೂ ಒಂದೇ ತರಗತಿಯವರು, ಬೆಂಚಿಗೆ ಒಬ್ಬರೇ. ಆಗ 80 ಮಕ್ಕಳಿಗೂ ಏಳೂ ಕೊಠಡಿ ಬೇಕು. ಮಧ್ಯಾಹ್ನಕ್ಕೆ ಯಾವ ತರಗತಿ ಎಂಬುದನ್ನು ಬಸ್ಸು ನಿರ್ಧರಿಸುವುದೂ ಉಂಟು. ಕಾರ್ಕಳದ ಒಳಗಿನ ಹಳ್ಳಿಗಳಿಗೆ ಹೋಗುವ ಮಕ್ಕಳು ಐದು ಗಂಟೆಯ ಮೇಲೆ ಪರೀಕ್ಷೆ ಮುಗಿಸಿದರೆ ಮನೆ ಸೇರುವಾಗ ಕತ್ತಲು.

ಇನ್ನು ಕೊಠಡಿಗೊಬ್ಬ ಮೇಲ್ವಿಚಾರಕರು, ಬದಲಿಗೆ ಒಬ್ಬರು. ಹೊತ್ತಿಗೆ 8 ಮಂದಿ. ಶಾಲೆಯಲ್ಲಿ ಶಿಕ್ಷಕರು 11. ಸಾಕಲ್ಲ ಎನಿಸೀತು. ಆದರೆ ಆಯಾ ವಿಷಯದ ಶಿಕ್ಷಕರನ್ನು ಅದೇ ವಿಷಯದ ಪರೀಕ್ಷೆಗೆ ಹಾಕುವುದಿಲ್ಲ. ಗಣಿತದ ಇಬ್ಬರನ್ನು ಬಿಟ್ಟರೆ ಉಳಿಯುವುದು 9. ಮೂರೂ ತರಗತಿಗೆ ಒಂದೇ ದಿನ ಗಣಿತವಿಟ್ಟರೆ, 16 ಸರದಿಯನ್ನು ಈ ಒಂಬತ್ತೇ ಮಂದಿ ಹೊರಬೇಕು. ಹೆಚ್ಚಿನವರಿಗೆ ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ ನಿಂತೇ ಇರುವ ಕೆಲಸ. ಇಬ್ಬರಿಗೆ ತರಬೇತಿಗೆ ಕರೆ ಬಂತೋ, ಬದಲಿಗೆ ಜನವೇ ಇಲ್ಲ. ಅದಕ್ಕೆ ಒಂಬತ್ತನೆಯ ತರಗತಿಯ ಗಣಿತವನ್ನು ಬೇರೆ ದಿನಕ್ಕೆ ಸರಿಸುತ್ತಾರೆ. ಆಗ ಗಣಿತದ ಶಿಕ್ಷಕರು ಮಧ್ಯಾಹ್ನ ಕನ್ನಡದ ಪರೀಕ್ಷೆಗೆ ಸಿಗುತ್ತಾರೆ. ಅಣ್ಣನಿಗೆ ಗಣಿತವಿರುವ ದಿನ ತಂಗಿಗೆ ಕನ್ನಡ ಯಾಕೆ ಎಂದು ಕೇಳುವ ಹೆತ್ತವರಿಗೆ ಉತ್ತರ ಇದೇ.

ಆಮೇಲೆ ರಜೆ. ಇಲ್ಲಿ ಗೋಡೆಯ ಕ್ಯಾಲೆಂಡರನ್ನು ನಂಬಿ ಕೆಟ್ಟವರುಂಟು. 2025ರಲ್ಲಿ ಬೇರೆಡೆ ಕೃಷ್ಣಾಷ್ಟಮಿ ಆಗಸ್ಟ್ 16ಕ್ಕೆ; ಸೌರಮಾನ ಹಿಡಿಯುವ ಉಡುಪಿಯಲ್ಲಿ ಸೆಪ್ಟೆಂಬರ್ 14ಕ್ಕೆ, ಮರುದಿನ ಸೋಮವಾರ ವಿಟ್ಲಪಿಂಡಿ. ಮಣಿಪಾಲದಲ್ಲಿ ನೆಲೆಸಿದ ಹೊರರಾಜ್ಯದ ಮನೆಗಳಿಗೆ ಇದು ಹೊಸದು. ದಸರಾ ರಜೆ ಆ ವರ್ಷ ಸೆಪ್ಟೆಂಬರ್ 20ರಿಂದ. ನಮ್ಮ ಶಾಲೆ 11ರಂದು ಶುರು ಮಾಡಿದರೆ, ಅರ್ಧ ದಿನದ ಶನಿವಾರ 13, ಭಾನುವಾರ, ಸೋಮವಾರ ಬಿಟ್ಟು ಉಳಿಯುವುದು ಸರಿಯಾಗಿ ಆರು ದಿನ. ವಿಷಯಗಳೂ ಆರು.

ಶನಿವಾರದಿಂದ ಸೋಮವಾರದ ತನಕ ಮೂರು ದಿನ ಬಿಡುವು, ಮಂಗಳವಾರ 16ಕ್ಕೆ ಗಣಿತವಿಡೋಣ ಎಂದು ಯಾರಿಗೂ ತೋಚೀತು. ಕಾಗದದ ಮೇಲೆ ಸೊಗಸಾಗಿಯೇ ಇದೆ. ಆದರೆ ರಥಬೀದಿಯ ಸುತ್ತಿನ ಮನೆಗಳಲ್ಲಿ ಆ ಎರಡು ದಿನ ಪುಸ್ತಕ ತೆರೆಯುವವರು ಯಾರು? ಹುಲಿವೇಷದ ಬಣ್ಣ ತೊಳೆದು ಮಲಗಿದ ಹುಡುಗನಿಗೆ ಬೆಳಿಗ್ಗೆ ಬೀಜಗಣಿತ! ಕಾಪು, ಕಾರ್ಕಳದ ಶಾಲೆಗೆ ಅದೇ ಪಟ್ಟಿ ಒಪ್ಪೀತು. ಪೇಟೆಯ ಶಾಲೆಗೆ ಒಪ್ಪದು. ಇಲ್ಲಿ ಗಣಿತವನ್ನು ಮೊದಲ ದಿನಕ್ಕೇ, 11ಕ್ಕೆ, ಇಡುವುದು ಮೇಲು. ಅದರ ಹಿಂದಿನ ದಿನಗಳೆಲ್ಲ ಓದಿಗೇ. 12ಕ್ಕೆ ಕನ್ನಡ, 16ಕ್ಕೆ ಹಿಂದಿ, 17ಕ್ಕೆ ಸಮಾಜ, 18ಕ್ಕೆ ಇಂಗ್ಲಿಷ್, 19ಕ್ಕೆ ವಿಜ್ಞಾನ. ಭಾರದ ಸಮಾಜ, ವಿಜ್ಞಾನದ ನಡುವೆ ಒಂದು ಭಾಷೆ. ಒಂಬತ್ತನೆಯವರಿಗೆ ಮಾತ್ರ 11 ಮತ್ತು 12 ಅದಲುಬದಲು, ಹಾಗೆಯೇ 18 ಮತ್ತು 19. ಮೊದಲ ದಿನ ಕನ್ನಡವಿಟ್ಟು ಮಕ್ಕಳ ಹೆದರಿಕೆ ಬಿಡಿಸುವ ಪದ್ಧತಿ ಹತ್ತಕ್ಕೂ ಎಂಟಕ್ಕೂ ತಪ್ಪುತ್ತದೆ, ನಿಜ. ಎಲ್ಲ ಕಡೆ ಗೆಲ್ಲುವ ಪಟ್ಟಿ ಇಲ್ಲ.

ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಈ ತಲೆನೋವು ಕಾಪುವಿಗೆ. ಅಲ್ಲಿನ ಸುಗ್ಗಿ ಮಾರಿಪೂಜೆ ಮಂಗಳವಾರ, ಬುಧವಾರ. ಮನೆ ತುಂಬ ನೆಂಟರು. ಕಾರ್ಕಳದವರು ಜನವರಿಯ ಅತ್ತೂರು ಹಬ್ಬವನ್ನು ನೋಡಿಕೊಂಡೇ ಪೂರ್ವಸಿದ್ಧತಾ ಪರೀಕ್ಷೆಯ ದಿನ ಹಿಡಿಯಬೇಕು.

ಲೆಕ್ಕಕ್ಕೆ ಸಿಗದ್ದು ಮಳೆ. ಜಿಲ್ಲಾಧಿಕಾರಿಗಳ ರಜೆಯ ಆದೇಶ ಹಿಂದಿನ ರಾತ್ರಿಯೋ, ಬೆಳಿಗ್ಗೆಯೋ ಬರುತ್ತದೆ. 17ರಂದು ರಜೆಯಾಯಿತೆನ್ನಿ. ಆಗ ಉಳಿದ ವಿಷಯಗಳನ್ನು ಒಂದೊಂದು ದಿನ ಮುಂದೆ ತಳ್ಳಿದರೆ ಗೊಂದಲ ಖಂಡಿತ; ಹಳೆಯ ಪಟ್ಟಿ ಹಿಡಿದು ಬರುವ ಮಗು ಒಂದಾದರೂ ಇರುತ್ತದೆ. 18ಕ್ಕೆ ಇಂಗ್ಲಿಷೇ ನಡೆಯಬೇಕು, ತಪ್ಪಿದ ಸಮಾಜ ಮಾತ್ರ ಕೊನೆಗೆ ಹೋಗಬೇಕು. ಕೊನೆಗೆ ಎಂದರೆ ಇಲ್ಲಿ ದಸರಾ ರಜೆಯ ಆಚೆಗೆ. ಅಲ್ಲಿಯ ತನಕ ಆ ಪ್ರಶ್ನೆಪತ್ರಿಕೆಯ ಕಟ್ಟು ಮೊಹರು ಒಡೆಯದೆ ಮುಖ್ಯೋಪಾಧ್ಯಾಯರ ಕಪಾಟಿನಲ್ಲೇ ಇರುತ್ತದೆ. ಈ ನಿಯಮವನ್ನು ವೇಳಾಪಟ್ಟಿಯ ಅಡಿಯಲ್ಲೇ ಒಂದು ಸಾಲು ಬರೆದಿದ್ದರೆ, ಆ ಬೆಳಿಗ್ಗೆ ಶಾಲೆಗೆ ಬರುವ ಫೋನುಗಳು ಅರ್ಧಕ್ಕರ್ಧ ಕಡಿಮೆ.