ಬೆಲ್ಟ್ ಕಿತ್ತುಹೋಗುವ ಎರಡು ಜಾಗ

ಮನೆಯ ಬೀರುವಿನಲ್ಲಿ ಮೂಲೆ ಸೇರಿರುವ ಹಳೇ ಬೆಲ್ಟುಗಳನ್ನೆಲ್ಲ ತೆಗೆದು ಹಾಸಿಗೆಯ ಮೇಲೆ ಹರಡಿ ನೋಡಿ. ಬೆನ್ನ ಹಿಂದೆ ಇರುವ ಉದ್ದನೆಯ ಭಾಗ ಹೆಚ್ಚುಕಡಿಮೆ ಗಟ್ಟಿಯಾಗಿಯೇ ಇರುತ್ತದೆ. ಹಾಳಾಗಿರುವುದು ಎರಡೇ ಕಡೆ. ಒಂದು, ಪಟ್ಟಿ ಬಕಲ್ಲನ್ನು ಸುತ್ತಿಕೊಂಡು ಹಿಂದಕ್ಕೆ ಮಡಚಿರುವ ಜಾಗ. ಇನ್ನೊಂದು, ನೀವು ದಿನಾ ಹಾಕಿಕೊಳ್ಳುವ ತೂತಿನ ಸುತ್ತಮುತ್ತ. ಅಳತೆ, ಅಗಲ, ಬಕಲ್ ಈ ಮೂರನ್ನೂ ಆರಿಸುವಾಗ ಈ ಎರಡು ಜಾಗಗಳನ್ನು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಗೊಂದಲವಾಗುವುದಿಲ್ಲ.

ಮೊದಲು ಅಳತೆ. ನನ್ನ ಭಾವ ಹೈಸ್ಕೂಲ್ ಮೇಷ್ಟ್ರು, ದಿನಾ ಬೈಕಿನಲ್ಲಿ ಓಡಾಡುವವರು. ಅವರ ಬೆಲ್ಟು ತೂತಿನ ಹತ್ತಿರ ಅಡ್ಡಕ್ಕೆ ಸೀಳಿತ್ತು. "ಪ್ಯಾಂಟು 34, ಅದಕ್ಕೆ ಬೆಲ್ಟೂ 34 ತಗೊಂಡಿದ್ದೆ, ಇದೂ ಬಾಳಲಿಲ್ಲ ನೋಡು" ಎಂದರು. ತಪ್ಪು ಚರ್ಮದ್ದಾಗಿರಲಿಲ್ಲ, ನಂಬರಿನದು. ಪ್ಯಾಂಟಿನ ನಂಬರು ಸೊಂಟದ ಪಟ್ಟಿಯ ಅಳತೆ. ಬೆಲ್ಟು ಕೂರುವುದು ಆ ಪಟ್ಟಿಯ ಮೇಲೆ, ಒಳಗೆ ಸಿಕ್ಕಿಸಿದ ಅಂಗಿಯ ದಪ್ಪವನ್ನೂ ಸೇರಿಸಿಕೊಂಡು. ಹಾಗಾಗಿ ಪ್ಯಾಂಟಿಗಿಂತ ಎರಡು ಇಂಚು ದೊಡ್ಡ ಬೆಲ್ಟು ತೆಗೆದುಕೊಳ್ಳುವುದು ವಾಡಿಕೆ. ಆದರೆ ಈ ವಾಡಿಕೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ರೆಡಿಮೇಡ್ ಪ್ಯಾಂಟುಗಳಲ್ಲಿ 34 ಎಂದು ಬರೆದದ್ದನ್ನು ಟೇಪು ಹಿಡಿದು ಅಳೆದರೆ 35 ಬರುವುದೂ ಉಂಟು, 36 ಬರುವುದೂ ಉಂಟು. ಬೆಲ್ಟು ತಯಾರಿಸುವವರಲ್ಲೂ ಕೆಲವರು ಬೆಲ್ಟಿನ ಅಳತೆಯನ್ನು ಬರೆಯುತ್ತಾರೆ, ಕೆಲವರು ಅದು ಎಷ್ಟು ನಂಬರಿನ ಪ್ಯಾಂಟಿಗೆ ಹೊಂದುತ್ತದೆ ಎಂಬುದನ್ನು ಬರೆಯುತ್ತಾರೆ.

ಇದಕ್ಕಿಂತ ಭರವಸೆಯ ದಾರಿ ಹಳೇ ಬೆಲ್ಟನ್ನೇ ಅಳೆಯುವುದು. ಮೇಜಿನ ಮೇಲೆ ನೇರವಾಗಿ ಹಾಸಿ, ಬಕಲ್ಲಿನ ಲೋಹವನ್ನು ಬಿಟ್ಟು, ಚರ್ಮ ಮಡಚಿಕೊಂಡ ತುದಿಯಿಂದ ನೀವು ದಿನಾ ಬಳಸುವ ತೂತಿನವರೆಗೆ ಟೇಪು ಹಿಡಿಯಿರಿ. ಅದೇ ನಿಮ್ಮ ಅಳತೆ. ಸಾಮಾನ್ಯವಾಗಿ ಬೆಲ್ಟಿಗೆ ಐದು ತೂತು, ಒಂದೊಂದರ ನಡುವೆ ಸುಮಾರು ಒಂದು ಇಂಚು. ಬೆಲ್ಟಿನ ಮೇಲಿನ ನಂಬರು ನಡುವಿನ, ಅಂದರೆ ಮೂರನೇ ತೂತಿಗೆ ಸೇರಿದ್ದು. ಭಾವನ 34ರ ಬೆಲ್ಟಿನಲ್ಲಿ ತೂತುಗಳಿದ್ದದ್ದು 32ರಿಂದ 36ರವರೆಗೆ. ಅವರು ಹಾಕಿಕೊಳ್ಳುತ್ತಿದ್ದದ್ದು ಕೊನೆಯ ತೂತಿಗೆ. ಹಾಗೆ ಹಾಕಿದಾಗ ಉಳಿದ ತುದಿ ತೀರಾ ಗಿಡ್ಡವಾಗಿ, ಬೆಲ್ಟಿನ ಮೇಲಿರುವ ಪುಟ್ಟ ಲೂಪಿನೊಳಗೆ ನಿಲ್ಲುತ್ತಿರಲಿಲ್ಲ. ಹೊರಬಂದ ತುದಿ ಕೂತಾಗ, ಎದ್ದಾಗ, ಬೈಕ್ ಹತ್ತಿದಾಗ ಹೊರಕ್ಕೆ ಬಾಗುತ್ತಿತ್ತು. ಬಾಗುತ್ತಿದ್ದದ್ದು ಪ್ರತಿ ಸಲವೂ ಆ ಒಂದೇ ತೂತಿನ ಗೆರೆಯಲ್ಲಿ. ತೂತು ಇರುವ ಕಡೆ ಪಟ್ಟಿಯ ಬಲ ಮೊದಲೇ ಕಡಿಮೆ. ಅಲ್ಲೇ ದಿನಕ್ಕೆ ಹತ್ತಾರು ಸಲ ಬಾಗಿದರೆ ಎಂಥ ಚರ್ಮವೂ ಸೀಳುತ್ತದೆ.

ಹೊಸದಕ್ಕೆ ಅವರ ಮುಂದಿದ್ದ ಆಯ್ಕೆ 36 ಮತ್ತು 38. ಎರಡರಲ್ಲೂ 36 ಇಂಚಿನ ತೂತು ಇದೆ. ಆದರೆ 38ರ ಬೆಲ್ಟಿನಲ್ಲಿ ಅದು ಮೊದಲನೇ ತೂತು. ಸ್ವಲ್ಪ ಸಣ್ಣಗಾದರೆ ಬಿಗಿ ಮಾಡಲು ಜಾಗವಿಲ್ಲ, ತುದಿಯೂ ಉದ್ದವಾಗಿ ಪಕ್ಕಕ್ಕೆ ಜೋಲುತ್ತದೆ. 36ರಲ್ಲಿ ಅದು ನಡುವಿನ ತೂತು, ಆಚೆಗೆ ಎರಡು, ಈಚೆಗೆ ಎರಡು. ಮಧ್ಯಾಹ್ನ ಊಟವಾದ ಮೇಲೆ ಒಂದು ತೂತು ಸಡಿಲ ಮಾಡಿಕೊಳ್ಳುವುದೂ ಸಲೀಸು. ತುದಿ ಬೆಲ್ಟಿನ ಲೂಪು ದಾಟಿ ಪ್ಯಾಂಟಿನ ಮೊದಲ ಲೂಪಿನ ಆಸುಪಾಸು ನಿಂತರೆ ಅಳತೆ ಸರಿ ಇದೆ ಎಂದರ್ಥ. ಕೆಲವು ತಯಾರಕರು ಬಕಲ್ಲನ್ನೂ ಸೇರಿಸಿ ಅಳೆಯುವುದರಿಂದ ಒಂದು ಇಂಚಿಗೂ ಹೆಚ್ಚು ವ್ಯತ್ಯಾಸ ಬರಬಹುದು. ಹಳೇ ಬೆಲ್ಟನ್ನು ಅಂಗಡಿಗೆ ಒಯ್ದು ಹೊಸದರ ಪಕ್ಕ ಇಟ್ಟು ನೋಡಿದರೆ ಈ ತಕರಾರೇ ಇರುವುದಿಲ್ಲ. ಆನ್‌ಲೈನಿನಲ್ಲಿ ತರಿಸುವವರು ಎಲ್ಲಿಂದ ಎಲ್ಲಿಗೆ ಅಳೆದಿದ್ದಾರೆ ಎಂಬ ಚಿತ್ರವನ್ನು ನೋಡದೆ ಹಣ ಕಟ್ಟಬೇಡಿ.

ಅಗಲದ ವಿಷಯ ಇಷ್ಟು ತೊಡಕಿನದಲ್ಲ. ಪ್ಯಾಂಟಿನ ಲೂಪಿನ ಒಳಗಿನ ಎತ್ತರಕ್ಕಿಂತ ಬೆಲ್ಟು ಸುಮಾರು ಅರ್ಧ ಸೆಂಟಿಮೀಟರಿನಷ್ಟು ಕಡಿಮೆ ಇದ್ದರೆ ಸಾಕು. ಆಫೀಸಿನ ಪ್ಯಾಂಟಿಗೆ 30ರಿಂದ 35 ಮಿಲಿಮೀಟರ್, ಜೀನ್ಸಿಗೆ 38ರಿಂದ 40. ಅಗಲದ ಬೆಲ್ಟನ್ನು ಇಕ್ಕಟ್ಟಿನ ಲೂಪಿಗೆ ತುರುಕಿದರೆ ಪ್ರತಿ ಸಲ ಎಳೆಯುವಾಗಲೂ ಅಂಚು ಉಜ್ಜುತ್ತದೆ, ಅಂಚಿಗೆ ಬಳಿದ ಬಣ್ಣ ಚಕ್ಕೆಯೇಳುತ್ತದೆ, ಕೊನೆಗೆ ಲೂಪಿನ ಹೊಲಿಗೆಯೂ ಬಿಡುತ್ತದೆ. ಕಿರಿದಾದ ಬೆಲ್ಟನ್ನು ಜೀನ್ಸಿಗೆ ಹಾಕಿದರೆ ಇನ್ನೊಂದು ಬಗೆಯ ತೊಂದರೆ. ದಪ್ಪ ಬಟ್ಟೆ, ಜೇಬಿನಲ್ಲಿ ಮೊಬೈಲು, ಕೀ ಗೊಂಚಲು ಎಲ್ಲದರ ಭಾರ ಸಣ್ಣ ಪಟ್ಟಿಯ ಮೇಲೆ ಬಿದ್ದು, ಹೊಟ್ಟೆಯ ಕಡೆ ಅದರ ಮೇಲಂಚು ಹೊರಕ್ಕೆ ಮಗುಚುತ್ತದೆ. ಒಮ್ಮೆ ಹಾಗೆ ಮಗುಚಿದ ಪಟ್ಟಿ ಮತ್ತೆ ನೇರವಾಗುವುದು ಕಷ್ಟ. ಎರಡಕ್ಕೂ ಒಂದೇ ಬೆಲ್ಟು ಸಾಕು ಎನ್ನುವವರಿಗೆ ನಾನು ಹೇಳುವುದು 35 ಮಿಲಿಮೀಟರಿನದು.

ಅಗಲಕ್ಕಿಂತ ದಪ್ಪ ಮುಖ್ಯ. ಅದಕ್ಕಿಂತಲೂ ಮುಖ್ಯ, ಆ ದಪ್ಪ ಯಾವುದರಿಂದ ಬಂದಿದೆ ಎಂಬುದು. ಮೂರೂವರೆ, ನಾಲ್ಕು ಮಿಲಿಮೀಟರ್ ದಪ್ಪದ ಒಂದೇ ಪದರದ ಚರ್ಮ ವರ್ಷಗಟ್ಟಲೆ ಬಾಳುತ್ತದೆ. ಅಷ್ಟೇ ದಪ್ಪದ ಇನ್ನೊಂದು ಬೆಲ್ಟಿನಲ್ಲಿ ಮೇಲೆ ತೆಳುವಾದ ಚರ್ಮ, ಕೆಳಗೆ ರೆಕ್ಸಿನ್, ನಡುವೆ ರಟ್ಟಿನಂಥ ತುಂಬುವಸ್ತು ಇರಬಹುದು. ಹೊರಗಿನಿಂದ ಎರಡೂ ಒಂದೇ ಥರ ಹೊಳೆಯುತ್ತವೆ. ಹಿಂಬದಿಯಲ್ಲಿ ಒತ್ತಿದ 'ಜೆನ್ಯೂಯಿನ್ ಲೆದರ್' ಎಂಬ ಮುದ್ರೆ ಇದನ್ನು ಹೇಳುವುದಿಲ್ಲ. ಚರ್ಮದ ಅಂಶ ಇದೆ ಎಂಬುದಕ್ಕಿಂತ ಹೆಚ್ಚಿನ ಭರವಸೆ ಅದರಲ್ಲಿಲ್ಲ. ಹೇಳುವುದು ತೂತು. ಬೆಲ್ಟನ್ನು ಬೆಳಕಿಗೆ ಹಿಡಿದು ತೂತಿನ ಒಳಗೋಡೆಯನ್ನು ನೋಡಿ. ಒಂದೇ ಬಣ್ಣದ, ನವಿರು ನಾರು ಮೇಲಿನಿಂದ ಕೆಳಗಿನವರೆಗೆ ಕಂಡರೆ ಒಂದೇ ಪದರ. ಬೂದು ಅಥವಾ ಕಂದು ಗೆರೆಯೊಂದು ನಡುವೆ ಕಂಡರೆ ತುಂಬಿಸಿದ್ದು. ಅಂಚಿಗೆ ಬಣ್ಣ ಬಳಿದು ಪದರಗಳನ್ನು ಮುಚ್ಚಿರುತ್ತಾರೆ, ತೂತಿನೊಳಗೆ ಅಷ್ಟು ಚೆನ್ನಾಗಿ ಮುಚ್ಚುವುದು ಕಷ್ಟ. ಚರ್ಮದ ಚೂರುಗಳನ್ನು ಪುಡಿ ಮಾಡಿ ಅಂಟಿನಿಂದ ಹಾಳೆ ಮಾಡಿದ ಬಾಂಡೆಡ್ ಲೆದರ್ ಕೂಡ ಇದೆ. ಅದರಲ್ಲಿ ಉದ್ದನೆಯ ನಾರೇ ಇರುವುದಿಲ್ಲ, ಹಾಗಾಗಿ ಮಡಿಕೆ ಬಿದ್ದಲ್ಲಿ ಮುರಿಯುತ್ತದೆ. ಬಟ್ಟೆಗೆ ಪಾಲಿಯುರೆಥೇನ್ ಲೇಪಿಸಿದ ಬೆಲ್ಟುಗಳು ಕರಾವಳಿ, ಮಲೆನಾಡಿನ ತೇವಕ್ಕೆ ಇನ್ನೂ ಬೇಗ ಸೋಲುತ್ತವೆ. ಬಳಸದೆ ಬೀರುವಿನಲ್ಲೇ ಇಟ್ಟರೂ ಗಾಳಿಯ ತೇವಾಂಶಕ್ಕೆ ಆ ಲೇಪ ಕಳಚಿ ಹೊಪ್ಪಳೆಯೇಳುತ್ತದೆ.

ಇನ್ನು ಬಕಲ್. ನನ್ನ ಮಟ್ಟಿಗೆ ದಿನಬಳಕೆಗೆ ಹಳೇ ಪಿನ್ ಬಕಲ್ಲೇ ಉತ್ತಮ. ಚೌಕಟ್ಟು, ಅಡ್ಡಕಂಬಿ, ಪಿನ್ನು, ಇಷ್ಟೇ ಅದರಲ್ಲಿರುವುದು. ಚೌಕಟ್ಟಿನ ಮುಂದಿನ ಕಂಬಿಗೆ ಉರುಳುವ ಕೊಳವೆ ಹಾಕಿದ್ದರೆ ಇನ್ನೂ ಒಳ್ಳೆಯದು, ಬಿಗಿ ಮಾಡುವಾಗ ಚರ್ಮ ಉಜ್ಜುವುದಿಲ್ಲ. ಈಗ ಹೆಚ್ಚು ಮಾರಾಟವಾಗುವುದು ಆಟೋಲಾಕ್. ಪಟ್ಟಿಯ ಹಿಂದೆ ಹಲ್ಲುಗಳಿರುವ ಪ್ಲಾಸ್ಟಿಕ್ ಪಟ್ಟಿ, ಬಕಲ್ಲಿನೊಳಗೆ ಸ್ಪ್ರಿಂಗ್ ಇರುವ ಕೊಂಡಿ. ಒಂದು ಇಂಚಿನ ಬದಲು ಕಾಲು ಇಂಚಿನಷ್ಟು ಸಣ್ಣ ಹೆಜ್ಜೆಯಲ್ಲಿ ಬಿಗಿ ಮಾಡಬಹುದು, ತೂತೇ ಇಲ್ಲದ ಕಾರಣ ತೂತು ಅಗಲವಾಗುವ ಮಾತೂ ಇಲ್ಲ. ಹೊಟ್ಟೆಯ ಅಳತೆ ದಿನದಲ್ಲಿ ಹೆಚ್ಚುಕಡಿಮೆಯಾಗುವವರಿಗೆ ಇದು ನಿಜಕ್ಕೂ ಅನುಕೂಲ. ಆದರೆ ಹಲ್ಲು ಸವೆದರೆ, ಸ್ಪ್ರಿಂಗ್ ಸಡಿಲವಾದರೆ ಬಗ್ಗಿದಾಗ ಟಕ್ಕೆಂದು ಜಾರುತ್ತದೆ, ರಿಪೇರಿ ಆಗುವುದು ಅಪರೂಪ. ಇದನ್ನು ಉದ್ದಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಬೇಕಾಗಿ ಬಂದರೆ ಬಕಲ್ ಬಿಚ್ಚಿ ಆ ಕಡೆಯಿಂದ ಕತ್ತರಿಸಿ, ಚೂಪು ತುದಿಯ ಕಡೆಯಿಂದಲ್ಲ. ಮೊದಲ ಸಲ ಬೇಕಾದ್ದಕ್ಕಿಂತ ಒಂದು ಇಂಚು ಕಡಿಮೆಯೇ ಕತ್ತರಿಸಿ, ಹಾಕಿ ನೋಡಿ, ಆಮೇಲೆ ಉಳಿದದ್ದು. ಕಪ್ಪು ಕಂದು ಎರಡೂ ಬರುವ ತಿರುಗಿಸುವ ಬೆಲ್ಟುಗಳನ್ನು ದಿನಬಳಕೆಗೆ ನಾನು ಹೇಳುವುದಿಲ್ಲ. ತೆಳುವಾದ ಎರಡು ಪದರಗಳ ಅಂಟು, ತಿರುಗುವ ಕೀಲು, ಎರಡೂ ಬೇಗ ಸಡಿಲವಾಗುತ್ತವೆ.

ಅಗ್ಗದ ಬಕಲ್ಲುಗಳಲ್ಲಿ ಹೆಚ್ಚಿನವು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಸುರಿದು ಮೇಲೆ ಹೊಳಪು ಲೇಪಿಸಿದವು. ಬೆವರಿಗೆ ಲೇಪ ಎದ್ದಮೇಲೆ ಅವು ಬೂದಾಗುತ್ತವೆ, ಅಡ್ಡಕಂಬಿಯ ಹತ್ತಿರ ಪಟ್ಟೆಂದು ಮುರಿಯುವುದೂ ಉಂಟು. ಹಿತ್ತಾಳೆ, ಸ್ಟೀಲಿನವು ಬಾಗಬಹುದು, ಹೀಗೆ ಮುರಿಯುವುದು ಕಡಿಮೆ. ಅಯಸ್ಕಾಂತ ಹಿಡಿದು ಪರೀಕ್ಷಿಸಿ ಪ್ರಯೋಜನವಿಲ್ಲ, ಅದು ಸತುವಿಗೂ ಅಂಟುವುದಿಲ್ಲ, ಹಿತ್ತಾಳೆಗೂ ಅಂಟುವುದಿಲ್ಲ. ಹಳೇ ಬಕಲ್ಲಾದರೆ ಹಿಂಬದಿಯಲ್ಲಿ ಸವೆದ ಜಾಗವನ್ನು ನೋಡಿ, ಹಳದಿ ಕಂಡರೆ ಹಿತ್ತಾಳೆ. ಹೊಕ್ಕುಳಿನ ಕೆಳಗೆ ಬಕಲ್ ತಾಗುವ ಕಡೆ ತುರಿಕೆ, ಕೆಂಪು ಗಂಧೆ ಏಳುವವರಿಗೆ ಹೆಚ್ಚಾಗಿ ಲೇಪದಲ್ಲಿರುವ ನಿಕ್ಕಲ್ ಆಗಿಬರುವುದಿಲ್ಲ. ಅಂಥವರು ಲೇಪವಿಲ್ಲದ ಗಟ್ಟಿ ಹಿತ್ತಾಳೆಯ ಬಕಲ್ ಹುಡುಕುವುದು ಲೇಸು, ಚರ್ಮದ ವೈದ್ಯರಿಗೂ ಒಮ್ಮೆ ತೋರಿಸಬೇಕು.

ಬಕಲ್ಲನ್ನು ಪಟ್ಟಿಗೆ ಹೇಗೆ ಸೇರಿಸಿದ್ದಾರೆ ಎಂಬುದನ್ನು ಅಂಗಡಿಯಲ್ಲಿ ಬಹಳ ಜನ ನೋಡುವುದೇ ಇಲ್ಲ. ಮಡಚಲು ಸುಲಭವಾಗಲೆಂದು ಆ ತುದಿಯ ಚರ್ಮವನ್ನು ಹೆರೆದು ತೆಳು ಮಾಡಿರುತ್ತಾರೆ. ತೀರಾ ತೆಳುವಾದರೆ ಅದೇ ಮೊದಲು ಹರಿಯುವ ಜಾಗ. ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಪಟ್ಟಿಯ ಉಳಿದ ಭಾಗದೊಂದಿಗೆ ಹೋಲಿಸಿ. ಎರಡು ಪದರ ಸೇರಿಯೂ ಒಂದು ಪದರದಷ್ಟು ದಪ್ಪವಿಲ್ಲದಿದ್ದರೆ ಆ ಬೆಲ್ಟು ಬೇಡ. ಹೊಲಿದು ಸೇರಿಸಿದ್ದರೆ ದಾರ ದಪ್ಪವಿದೆಯೇ ನೋಡಿ. ಸ್ಕ್ರೂ ಹಾಕಿ ಸೇರಿಸಿದ್ದರೆ ಬಹಳ ಅನುಕೂಲ, ಚರ್ಮ ಚೆನ್ನಾಗಿದ್ದು ಬಕಲ್ ಹೋದಾಗ ಬೇರೆ ಬಕಲ್ ಹಾಕಿಸಬಹುದು. ಸ್ಕ್ರೂ ತಾನಾಗಿ ಸಡಿಲವಾಗುತ್ತಿದ್ದರೆ ಅದರ ತಿರುಪಿಗೆ ಒಂದು ಹನಿ ಉಗುರುಬಣ್ಣ ಹಚ್ಚಿ ಬಿಗಿದರೆ ನಿಲ್ಲುತ್ತದೆ.

ಮನೆಗೆ ತಂದಮೇಲೆ ಒಂದು ತೂತು ಹೆಚ್ಚಿಗೆ ಬೇಕಾದರೆ ಮೊಳೆ ಬಡಿದು ಹಾಕಿಕೊಳ್ಳಬೇಡಿ. ಮೊಳೆ ಚರ್ಮವನ್ನು ಸೀಳುತ್ತದೆ, ಆ ಸೀಳು ದಿನ ಹೋದಂತೆ ಉದ್ದವಾಗುತ್ತದೆ. ಚಪ್ಪಲಿ ರಿಪೇರಿಯವರ ಬಳಿ ಚರ್ಮವನ್ನು ದುಂಡಗೆ ಕತ್ತರಿಸಿ ತೆಗೆಯುವ ಪಂಚ್ ಇರುತ್ತದೆ. ಈಗಿರುವ ತೂತಿನಷ್ಟೇ ಗಾತ್ರದ್ದನ್ನು, ಅದೇ ಸಾಲಿನಲ್ಲಿ, ಪಕ್ಕದ ತೂತಿನಿಂದ ಒಂದು ಇಂಚು ಬಿಟ್ಟು ಹಾಕಲು ಹೇಳಿ. ಎರಡು ತೂತುಗಳ ನಡುವೆ ಅರ್ಧ ಇಂಚಿಗೆ ಇನ್ನೊಂದನ್ನು ಹಾಕಿಸುವುದು ಸುಲಭವೆನಿಸಿದರೂ ಆ ಜಾಗದಲ್ಲಿ ಚರ್ಮವೇ ಉಳಿಯುವುದಿಲ್ಲ. ರಾತ್ರಿ ಪ್ಯಾಂಟಿನಲ್ಲೇ ಬಿಡದೆ ಬೆಲ್ಟನ್ನು ಬಿಚ್ಚಿ ಬಕಲ್ಲಿನಿಂದ ನೇತುಹಾಕಿ. ಮಳೆಯಲ್ಲಿ ನೆನೆದದ್ದನ್ನು ಬಿಸಿಲಿಗಾಗಲಿ ಒಲೆಯ ಹತ್ತಿರಕ್ಕಾಗಲಿ ಒಯ್ಯದೆ ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಬಣ್ಣವಿಲ್ಲದ ಪಾಲಿಶ್ ಕ್ರೀಮನ್ನು ಬಕಲ್ ಮಡಿಕೆಗೂ ತೂತುಗಳ ಸಾಲಿಗೂ ತೆಳುವಾಗಿ ಸವರಿ.