ಕುದಿಸಿ, ಕುಡಿದು, ಒಂದು ಸಾಲು

ಭದ್ರಾವತಿಯಲ್ಲಿ ನನ್ನ ಮಾಮುಗೆ ಒಂದು ಟೀ ಪುಡಿ ಅಂಗಡಿ ಇದೆ. ಇಷ್ಟು ವರ್ಷ ಚೀಲದಿಂದ ತೂಗಿ ಕೊಡುತ್ತಿದ್ದರು. ಈ ವರ್ಷ ತಾವೇ ಎರಡು ಮೂರು ಬಗೆಯ ಡಸ್ಟ್ ಬೆರೆಸಿ, ಕಾಲು ಕಿಲೋ ಪ್ಯಾಕೆಟ್ ಮಾಡಿ, ಅದಕ್ಕೊಂದು ಹೆಸರಿಟ್ಟು ಮಾರಬೇಕೆಂದು ಹೊರಟರು. ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದು ಲೇಖನ ಹೋಗಿ ಜಾಹೀರಾತು ಆಗಿಬಿಡುತ್ತದೆ. ಪ್ಯಾಕೆಟ್ಟಿನ ಮೇಲೆ ಹೆಸರಿನ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬೇಕಿತ್ತು. "ನೀನು ಕಾಮರ್ಸ್ ಓದ್ತೀಯಲ್ಲ, ನೀನೇ ಬರಿ" ಎಂದರು. ಮನೆಯಲ್ಲಿ ಉರ್ದು ಆಡುವ ನಾನು ಕನ್ನಡದ ಘೋಷವಾಕ್ಯ ಬರೆಯಲು ಕೂತದ್ದು ಹೀಗೆ. ಒಂದು ಸಾಲಿಗೆ ನಾಲ್ಕು ಭಾನುವಾರ ಹಿಡಿಯಿತು. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಓಡಾಡಿದ ಆ ನಾಲ್ಕು ವಾರದಲ್ಲಿ, ಕಣ್ಣಿಗೆ ಚೆನ್ನಾಗಿ ಕಾಣುವ ಪ್ರಾಸ ಬೇರೆ, ಬಾಯಿಗೆ ಒಗ್ಗುವ ಪ್ರಾಸ ಬೇರೆ ಎಂದು ನನಗೆ ತಿಳಿಯಿತು.

ಮೊದಲ ವಾರ ಬರೆದದ್ದು: "ಸವಿಸವಿಯ ಸುವಾಸನೆಯ ಸೊಗಸಾದ ಸ್ವಾದ." ನಾಲ್ಕು ಪದ, ಎಲ್ಲವೂ 'ಸ'ದಿಂದ ಶುರು. ಪುಸ್ತಕದಲ್ಲಿ ಓದಿದ ಅನುಪ್ರಾಸ ಇದೇ ಅಲ್ಲವೇ ಎಂದು ಖುಷಿಪಟ್ಟೆ. ಅಂಗಡಿಯಲ್ಲಿ ಪುಡಿ ಕೊಳ್ಳಲು ಬಂದವರಿಗೆ ಒಂದು ಸಲ ಓದಿ ಹೇಳಿ, ಅವರು ಚಿಲ್ಲರೆ ಎಣಿಸಿಕೊಂಡ ಮೇಲೆ "ಈಗ ಹೇಳಿದ್ದು ಏನು?" ಎಂದು ಕೇಳಿದೆ. "ಏನೋ ಸೊಗಸು ಅಂದ್ರಲ್ಲ" ಎಂದರು ಒಬ್ಬರು. ಉಳಿದವರಿಗೆ ಅಷ್ಟೂ ನೆನಪಿರಲಿಲ್ಲ. ಅವರ ತಪ್ಪೇನಿಲ್ಲ. ಟೀ ಕುಡಿದು ಲೋಟ ಇಡುವಾಗ "ಸುವಾಸನೆ ಚೆನ್ನಾಗಿದೆ" ಎಂದು ಯಾರು ಹೇಳುತ್ತಾರೆ? ಅಕ್ಷರ ಒಂದೇ ಆದರೂ ಪದಗಳು ಯಾರ ಬಾಯಲ್ಲೂ ಇರುವಂಥವಲ್ಲ. ಜೊತೆಗೆ, ನಾಲ್ಕೂ ಪದ ಒಂದೇ ರೀತಿ ಶುರುವಾದರೆ ಯಾವುದು ಮೊದಲು ಯಾವುದು ನಂತರ ಎಂಬುದಕ್ಕೆ ಕಿವಿಗೆ ಹಿಡಿಕೆಯೇ ಸಿಗುವುದಿಲ್ಲ.

ಹಾಗಾದರೆ ಕನ್ನಡಿಗರಿಗೆ ನೆನಪಿರುವ ಸಾಲು ಯಾವುದು? ಗಾದೆ. ಬರೆದಿಟ್ಟವರಿಲ್ಲದೆ ನೂರಾರು ವರ್ಷ ಬಾಯಲ್ಲೇ ಉಳಿದ ಸಾಲುಗಳು ಅವು. ಬಸ್ಸಿನಲ್ಲಿ ಕೂತು ಒಂದೊಂದಾಗಿ ನೆನಪಿಸಿಕೊಂಡೆ. ಅತಿ ಆಸೆ ಗತಿ ಕೇಡು. ತಾಳಿದವನು ಬಾಳಿಯಾನು. ಕೈ ಕೆಸರಾದರೆ ಬಾಯಿ ಮೊಸರು. ಇವುಗಳಲ್ಲಿ ಜೋಡಿಯಾಗುವ ಪದಗಳ ಮೊದಲ ಅಕ್ಷರ ಬೇರೆ ಬೇರೆ. ಅತಿ, ಗತಿ. ತಾಳಿ, ಬಾಳಿ. ಕೆಸರು, ಮೊಸರು. ಒಂದೇ ಆಗಿರುವುದು ಎರಡನೆಯ ಅಕ್ಷರ! ಹೈಸ್ಕೂಲಿನಲ್ಲಿ ಛಂದಸ್ಸಿನ ಪಾಠದಲ್ಲಿ ಇದನ್ನು ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ ಎಂದು ಕಲಿತು, ಅಂಕ ತೆಗೆದುಕೊಂಡು, ಮರೆತಿದ್ದೆವು. ಹಳೆಯ ಕವಿಗಳಿಗೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಲೇಬೇಕಿತ್ತು. ಹಿಂದಿನ ಸ್ವರ ಹ್ರಸ್ವವಾದರೆ ಅದು ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಅಂದರೆ 'ಅತಿ, ಗತಿ' ಸಿಂಹ, 'ತಾಳಿ, ಬಾಳಿ' ಆನೆ. ಕಳೆದ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಕಟ್ಟನ್ನು ಬಿಟ್ಟು ಬರೆದರು, ಆಮೇಲೆ ಕವಿತೆ ಅದರಿಂದ ಬಿಡಿಸಿಕೊಂಡಿತು. ಗಾದೆಗಳು ಮಾತ್ರ ಬಿಡಿಸಿಕೊಂಡಿಲ್ಲ.

ಎರಡನೆಯ ಅಕ್ಷರವೇ ಏಕೆ? ನನಗೆ ತೋಚಿದ್ದು ಇದು. ಕನ್ನಡದಲ್ಲಿ ಪದದ ಮೊದಲ ಅಕ್ಷರ ಅಷ್ಟು ಗಟ್ಟಿ ಅಲ್ಲ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ಆದೇಶ ಸಂಧಿಯಲ್ಲಿ ಕ ಹೋಗಿ ಗ, ತ ಹೋಗಿ ದ ಬರುತ್ತದೆ. ಮಂಡ್ಯದ ಕಡೆಯ ಮಾತಿನಲ್ಲಿ ಹಾಲು 'ಆಲು' ಆಗುವುದೂ ಉಂಟು. ಮೊದಲ ಅಕ್ಷರ ಏನೇ ಆದರೂ 'ಕಾಲ'ದ ಲ, 'ತಾವರೆ'ಯ ವ ಅಲ್ಲೇ ಇರುತ್ತವೆ.

ಆದ್ದರಿಂದ ಎರಡನೆಯ ವಾರ ಎರಡನೆಯ ಅಕ್ಷರಕ್ಕೇ ಕೈ ಹಾಕಿದೆ. "ಘಮಘಮ ಘಮಲು, ಗುಟುಕಿಗೆ ಅಮಲು." ಘಮಲು, ಅಮಲು ಚೆನ್ನಾಗಿ ಕೂತಿತ್ತು. ಮಾಮು ಓದಿ ತಲೆಯಾಡಿಸಿದರು. ಉರ್ದುವಿನಲ್ಲಿ ಅಮಲ್ ಎಂದರೆ ಕೆಲಸ, ಆಚರಣೆ. ಹಳೆಯ ಮೈಸೂರಿನ ಅಮಲ್ದಾರರ ಹೆಸರಿನಲ್ಲಿ ಇರುವುದೂ ಅದೇ ಪದ. ಆದರೆ ಕನ್ನಡದಲ್ಲಿ ಅಮಲು ಎಂದರೆ ನಶೆ. "ಇದು ಟೀ ಅಂಗಡಿ, ಬೇರೆ ಅಂಗಡಿ ಅಲ್ಲ" ಎಂದರು. ಪ್ರಾಸಕ್ಕೆ ಸಿಕ್ಕಿದ ಪದದ ಹಿಂದೆ ಹೋದರೆ ಅರ್ಥ ಎಲ್ಲಿಗೋ ಹೋಗುತ್ತದೆ. ಇನ್ನೊಂದು ತೊಂದರೆಯನ್ನು ಪಕ್ಕದ ಅಂಗಡಿಯ ತಮಿಳು ಮಾತಾಡುವ ಅಜ್ಜ ತೋರಿಸಿಕೊಟ್ಟರು. ಅವರ ಬಾಯಲ್ಲಿ ಅದು 'ಗಮಗಮ'. ನಿಜ ಹೇಳಬೇಕೆಂದರೆ ಮನೆಮಾತು ಕನ್ನಡವಾದ ಅನೇಕರೂ ಘ ಬರೆಯುತ್ತಾರೆ, ಗ ನುಡಿಯುತ್ತಾರೆ.

ಮೂರನೆಯ ವಾರದ ಸಾಲಿನ ಮೇಲೆ ನನಗೆ ಬಹಳ ನಂಬಿಕೆ ಇತ್ತು. "ಬೆಳಗಿಗೆ ಬಲ, ಬಾಳಿಗೆ ಫಲ." ಬಲ, ಫಲ ಎರಡನೆಯ ಅಕ್ಷರದಲ್ಲಿ ಕೂಡುತ್ತವೆ. ಬೆಳಗು, ಬಲ, ಬಾಳು ಮೂರೂ 'ಬ'. ಮಾತ್ರೆ ಎಣಿಸಿದರೆ ನಾಲ್ಕು ಎರಡು, ನಾಲ್ಕು ಎರಡು. ಕಾಗದದ ಮೇಲೆ ಕುಂದೇ ಇಲ್ಲ. ಅಂಗಡಿಯಲ್ಲಿ ಮೂರು ನಾಲ್ಕು ಜನ ಗಿರಾಕಿಗಳು ನಿಂತಿದ್ದಾಗ ಮಾಮು ತಾವೇ ಜೋರಾಗಿ ಹೇಳಿದರು: "ಬೆಲಗಿಗೆ ಬಲ, ಬಾಲಿಗೆ ಫಲ."

"ಒಂದು ಬಾಲಿಗೆ ಎಷ್ಟು ರನ್ನು ಸಾಹೇಬ್ರೆ?" ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ಮಾಮುವೂ ನಕ್ಕರು. ಆದರೆ ಅಂಗಡಿ ಖಾಲಿಯಾದ ಮೇಲೆ ತಕ್ಕಡಿ ಒರೆಸುತ್ತಾ, "ಏನು ಬೇಕಾದರೂ ಪ್ರಿಂಟ್ ಮಾಡಿಸು, ನಾನು ಬಾಯಲ್ಲಿ ಹೇಳೋದಿಲ್ಲ" ಎಂದು ಉರ್ದುವಿನಲ್ಲಿ ಅಂದರು.

ಉರ್ದುವಿನಲ್ಲಿ ಳ ಇಲ್ಲ, ಣ ಕೂಡ ಇಲ್ಲ. ಅದಕ್ಕೇ ನಮ್ಮ ನಾಲಿಗೆ ಲ, ನ ಕಡೆಗೆ ಜಾರುತ್ತದೆ. ನನ್ನದೂ ಜಾರುತ್ತಿತ್ತು. ಶಾಲೆಯಲ್ಲಿ ಪದ್ಯ ಓದಲು ನಿಲ್ಲಿಸಿದಾಗ ಹಿಂದಿನ ಬೆಂಚಿನಿಂದ ಬರುತ್ತಿದ್ದ ನಗು ನನಗೆ ಇನ್ನೂ ನೆನಪಿದೆ. ಆದರೂ ಸಾಲು ಬರೆಯುವಾಗ ಮಾಮುವಿನ ಬಾಯಿ ನನಗೆ ನೆನಪಾಗಲಿಲ್ಲ. ನೋಟ್‌ಬುಕ್ಕು ಮಾತ್ರ ಕಣ್ಣ ಮುಂದಿತ್ತು. ದಿನಕ್ಕೆ ಹತ್ತು ಹದಿನೈದು ಸಲ ಆ ಸಾಲನ್ನು ಹೇಳಬೇಕಾದವರು ಅವರು, ನಾನಲ್ಲ.

ಆ ರಾತ್ರಿ ಒಂದು ಪಟ್ಟಿ ಮಾಡಿದೆ. ಭದ್ರಾವತಿ ಕಾರ್ಖಾನೆಯಿಂದ ಬೆಳೆದ ಊರು. ಮೊದಲು ಕಬ್ಬಿಣದ ಕಾರ್ಖಾನೆ ಶುರುವಾಯಿತು, ಆಮೇಲೆ ಕಾಗದದ ಕಾರ್ಖಾನೆ ಬಂತು, ಕೆಲಸಕ್ಕೆ ನಾನಾ ಕಡೆಯ ಜನ ಬಂದು ನೆಲೆಸಿದರು. ಮಾಮುವಿನ ಅಂಗಡಿಗೆ ಬರುವವರ ಮನೆಮಾತು ಕನ್ನಡ, ಉರ್ದು, ತಮಿಳು, ತೆಲುಗು, ಮಲಯಾಳ. ಎಲ್ಲರೂ ಕನ್ನಡ ಆಡುತ್ತಾರೆ, ತಮ್ಮ ತಮ್ಮ ನಾಲಿಗೆಯಿಂದ. ಳ, ಣ ನಮಗೆ ಕಷ್ಟ. ಘ, ಖ, ಭ ತಮಿಳಿನವರಿಗೆ ಕಷ್ಟ. ಫ ನಮ್ಮ ಬಾಯಲ್ಲಿ 'ಫೋನ್'ನ ಫ ಆಗುತ್ತದೆ, ಇನ್ನು ಕೆಲವರ ಬಾಯಲ್ಲಿ ಪ ಆಗುತ್ತದೆ. ಇವನ್ನೆಲ್ಲ ತೆಗೆದ ಮೇಲೆ ಎಲ್ಲರಿಗೂ ಸಲೀಸಾಗಿ ಉಳಿದವು ಕ, ದ, ಡ, ನ, ಮ, ಸ ಮುಂತಾದವು. ಅವುಗಳಿಂದಲೇ ಕಟ್ಟಬೇಕು. ಪದವೂ ಟೀಗೆ ಸಂಬಂಧಪಟ್ಟದ್ದೇ ಆಗಿರಬೇಕು.

ನಾಲ್ಕನೆಯ ಸಾಲು ಅಡುಗೆಮನೆಯಲ್ಲಿ ಸಿಕ್ಕಿತು. ಹೊಸ ಪುಡಿಯನ್ನು ಅಮ್ಮಿಗೆ ಕೊಟ್ಟು, ಹೇಗೆ ಹೇಳಿದರೆ ಕೊಳ್ಳುತ್ತೀರಿ ಎಂದು ಕೇಳಿದೆ. "ಹೇಳೋದು ಏನಿದೆ, ಕುದಿಸಿ ನೋಡಬೇಕು" ಎಂದರು. ಮಾಮು ಮಾರುವುದು ಸಿಟಿಸಿ ಡಸ್ಟ್. ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಸುತ್ತಿ ಮಾಡಿದ ಸಣ್ಣ ಕಾಳು. ಬಿಡಿ ಎಲೆಯ ಟೀಯನ್ನು ಬಿಸಿನೀರಿನಲ್ಲಿ ನೆನೆಸಿಡುತ್ತಾರೆ. ಇದನ್ನು ನಮ್ಮ ಮನೆಗಳಲ್ಲಿ ಹಾಲು ನೀರಿನ ಜೊತೆ ಕುದಿಸುತ್ತಾರೆ. ಹಾಗಾಗಿ 'ಕುದಿಸಿ' ಎನ್ನುವುದು ಈ ಪುಡಿಯದೇ ಪದ. ಅದರ ಪಕ್ಕದಲ್ಲೇ ಅದರ ಜೋಡಿ ನಿಂತಿತ್ತು.

"ಕುದಿಸಿ ನೋಡಿ, ಕುಡಿದು ನೋಡಿ."

ಮೊದಲ ಅಕ್ಷರ ಎರಡರಲ್ಲೂ ಕು. ಎರಡನೆಯದು ದಿ ಮತ್ತು ಡಿ. ವ್ಯಾಕರಣದ ಲೆಕ್ಕದಲ್ಲಿ ಇದು ಶುದ್ಧ ಪ್ರಾಸವಲ್ಲ, ಏಕೆಂದರೆ ದ ಬೇರೆ, ಡ ಬೇರೆ. ಆದರೆ ಕಿವಿಗೆ ಅಕ್ಕ ತಂಗಿಯರಂತೆ ಕೇಳುತ್ತವೆ. ಉರ್ದುವಿನಲ್ಲೂ ಎರಡೂ ಇರುವುದರಿಂದ ಮಾಮುಗೆ ತೊಂದರೆ ಇಲ್ಲ. ಮಾತ್ರೆ ನೋಡಿ: ಕುದಿಸಿ ಮೂರು, ನೋಡಿ ಮೂರು, ಕುಡಿದು ಮೂರು, ನೋಡಿ ಮೂರು. ಇನ್ನು ಆಡುಮಾತಿನಲ್ಲಿ ನಾವು ನಡುವಿನ ಸ್ವರ ನುಂಗುತ್ತೇವಲ್ಲ, ಆಗ ಏನಾಗುತ್ತದೆ? 'ಬಂದರೆ'ಗೆ ನಾಲ್ಕು ಮಾತ್ರೆ, ಬಾಯಲ್ಲಿ ಅದು 'ಬಂದ್ರೆ' ಆಗಿ ಮೂರಕ್ಕೆ ಇಳಿಯುತ್ತದೆ. ಅಂಥ ಪದ ಇದ್ದರೆ ಬರೆದ ತಾಳ ಅಂಗಡಿಯಲ್ಲಿ ತಪ್ಪುತ್ತದೆ. 'ಕುದಿಸಿ' ಬಾಯಲ್ಲಿ 'ಕುದ್ಸಿ' ಆಗುತ್ತದೆ. ಒತ್ತಕ್ಷರದ ಹಿಂದಿನ ಕು ಗುರುವಾಗಿ ಎರಡು, ಸಿ ಒಂದು, ಒಟ್ಟು ಮೂರೇ. 'ಕುಡ್ದು' ಕೂಡ ಮೂರೇ. ಬರೆದರೂ ಅದೇ ತಾಳ, ಆಡಿದರೂ ಅದೇ ತಾಳ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ, ಆಮೇಲೆ ಎಣಿಸಿ ಬೆರಗಾದದ್ದು.

ಈ ಸಾಲಿನಲ್ಲಿ ಎರಡು ಕೊರತೆ ಇವೆ. ಒಂದು, ಇದರಲ್ಲಿ ಪುಡಿಯ ಹೆಸರಿಲ್ಲ. ಉಸ್ತಾದ್ ಜಾಕಿರ್ ಹುಸೇನ್ ತಬಲಾದ ಮುಂದೆ ಕೂತು ಹೇಳುತ್ತಿದ್ದ "ವಾಹ್ ತಾಜ್" ನೆನಪಿಸಿಕೊಳ್ಳಿ. ಎರಡೇ ಪದ, ಎರಡರಲ್ಲೂ ಬಾಯಿ ಪೂರ್ತಿ ತೆರೆಯುವ 'ಆ'. ಅದರಲ್ಲಿ ಒಂದು ಪದವೇ ಟೀಯ ಹೆಸರು. ಸಾಲು ನೆನಪಾದರೆ ಹೆಸರೂ ನೆನಪಾಗಲೇಬೇಕು. ನಮ್ಮ ಸಾಲನ್ನು ನಾಳೆ ಪಕ್ಕದ ಬೀದಿಯವರು ತಮ್ಮ ಪುಡಿಗೂ ಅಂಟಿಸಿಕೊಳ್ಳಬಹುದು. ಮಾಮು ಇಟ್ಟ ಹೆಸರಿನಲ್ಲಿ ಕ ಆಗಲಿ ದ ಆಗಲಿ ಇಲ್ಲ, ಹೆಸರು ಬದಲಿಸಲು ಅವರು ಒಪ್ಪಲಿಲ್ಲ. ಹೆಸರು ಇಡುವ ಮೊದಲೇ ಸಾಲಿನ ಯೋಚನೆ ಮಾಡಿದ್ದರೆ ಒಳ್ಳೆಯದಿತ್ತು.

ಇನ್ನೊಂದು ಕೊರತೆ ಪ್ರಿಂಟಿಂಗ್‌ನಲ್ಲಿ ಗೊತ್ತಾಯಿತು. ಇಷ್ಟು ಹತ್ತಿರದ ಎರಡು ಅಕ್ಷರ ಇದ್ದರೆ ಅದಲುಬದಲಾಗುವುದೂ ಸುಲಭ. ಡಿಟಿಪಿ ಅಂಗಡಿಯಿಂದ ಬಂದ ಮೊದಲ ಪ್ರೂಫ್‌ನಲ್ಲಿ "ಕುಡಿಸಿ ನೋಡಿ, ಕುದಿದು ನೋಡಿ" ಎಂದಿತ್ತು. ಅಂದರೆ ಬೇರೆಯವರಿಗೆ ಕುಡಿಸಿ, ನೀವು ಕುದಿಯಿರಿ! ಅಮ್ಮಿ ನಕ್ಕು ನಕ್ಕು ಸುಸ್ತಾದರು. ಅಂದಿನಿಂದ ಪ್ರೂಫ್ ಬಂದರೆ ನಾನು ಕಣ್ಣಲ್ಲಿ ಓದುವುದಿಲ್ಲ, ಬೆರಳಿಟ್ಟು ಒಂದೊಂದೇ ಅಕ್ಷರ ಜೋರಾಗಿ ಓದುತ್ತೇನೆ.

ಮೊದಲ ಕಂತಿನ ಪ್ಯಾಕೆಟ್ ಬಂದಿವೆ. ಕಳೆದ ಭಾನುವಾರ ನಾನು ಹೋದಾಗ ಮಾಮು ಒಬ್ಬ ಗಿರಾಕಿಗೆ ಕಾಲು ಕಿಲೋ ಕೊಡುತ್ತಾ, ನಾನು ಬಂದದ್ದನ್ನು ನೋಡದೆ, "ಕುದ್ಸಿ ನೋಡಿ, ಕುಡ್ದು ನೋಡಿ, ಆಮೇಲೆ ಹೇಳಿ" ಎಂದರು. 'ಆಮೇಲೆ ಹೇಳಿ' ನಾನು ಬರೆದದ್ದಲ್ಲ. ಅದರಲ್ಲಿ ಒಂದು ಳ ಕೂಡ ಇದೆ. ಅದನ್ನವರು ಲ ಎಂದೇ ಅಂದರು, ಗಿರಾಕಿ ಪ್ಯಾಕೆಟ್ ಚೀಲಕ್ಕೆ ಹಾಕಿಕೊಂಡು ಹೋದರು.