ಕೆಳಮನೆಯ ಮೀಟರ್, ಮೇಲ್ಮನೆಯ ಬಿಲ್ಲು

ನಮ್ಮ ಚಿಕ್ಕಮ್ಮ ಒಬ್ಬರೇ ಇರುವುದು. ಕೆಳಗಿನ ಮನೆಯಲ್ಲಿ ಅವರು, ಮಹಡಿಯ ಮೇಲೆ ಬಾಡಿಗೆಗೆ ಒಂದು ಎಳೆಯ ಸಂಸಾರ. ಎರಡು ಮನೆಯ ಮೀಟರುಗಳೂ ಗೇಟಿನ ಪಕ್ಕದ ಒಂದೇ ಹಲಗೆಯ ಮೇಲಿವೆ. 2025ರ ಏಪ್ರಿಲ್ 1ರಂದು ವಿದ್ಯುತ್ ಕಂಪನಿಯವರು ಬಂದು ಹಳೆಯ ಮೀಟರುಗಳನ್ನು ಕಿತ್ತು ಹೊಸ ಡಿಜಿಟಲ್ ಮೀಟರುಗಳನ್ನು ಕೂರಿಸಿ ಹೋದರು. ಅಲ್ಲಿಯವರೆಗೆ ತಿಂಗಳಿಗೆ ಎಂಬತ್ತು ಚಿಲ್ಲರೆ ಯೂನಿಟ್ ಸುಡುತ್ತಿದ್ದ ಚಿಕ್ಕಮ್ಮನಿಗೆ ಆಮೇಲೆ ಬಂದ ಬಿಲ್ಲಿನಲ್ಲಿ 214 ಯೂನಿಟ್ ಇತ್ತು. ಮರುತಿಂಗಳು 228, ಅದರ ಮರುತಿಂಗಳು 221.

ಗೃಹಜ್ಯೋತಿ ಯೋಜನೆ ಬಂದ ಮೇಲೆ ಇಂಥ ತಪ್ಪಿನ ಏಟು ಜೋರಾಗಿದೆ. 2022-23ರಲ್ಲಿ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದಷ್ಟು ಯೂನಿಟ್ ಉಚಿತ. ಚಿಕ್ಕಮ್ಮನ ಸರಾಸರಿ 80, ಹಾಗಾಗಿ ಅವರ ಪಾಲಿನದು 88. ಅದನ್ನು ಸ್ವಲ್ಪ ಮೀರಿದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. ಆದರೆ 200 ದಾಟಿದ ತಿಂಗಳು ಒಂದು ಯೂನಿಟ್ಟೂ ಉಚಿತವಲ್ಲ, ಇಡೀ ಬಿಲ್ಲು ಕಟ್ಟಬೇಕು. ಸೊನ್ನೆ ಬಿಲ್ಲು ನೋಡಿ ರೂಢಿಯಾಗಿದ್ದವರ ಕೈಗೆ 1,722 ರೂಪಾಯಿ, 1,815 ರೂಪಾಯಿ, 1,768 ರೂಪಾಯಿಯ ಚೀಟಿಗಳು ಬಂದವು.

ಅವರೇನು ಸುಮ್ಮನೆ ಕೂತವರಲ್ಲ. 1912ಕ್ಕೆ ಎರಡು ಸಲ ಫೋನ್ ಮಾಡಿದ್ದರು. ಉಪವಿಭಾಗದ ಕಚೇರಿಗೆ ಹೋಗಿ ಎರಡು ಪುಟದ ಅರ್ಜಿಯನ್ನೂ ಕೊಟ್ಟು ಬಂದಿದ್ದರು. ಅದರ ನಕಲು ಓದಿದಾಗ ನನಗೆ ಕರುಳು ಚುರುಕ್ಕೆಂದಿತು. ತಾನು ಒಂಟಿ, ಮನೆಯಲ್ಲಿ ಎಸಿ ಇಲ್ಲ, ರಾತ್ರಿ ಒಂಬತ್ತಕ್ಕೇ ದೀಪ ಆರಿಸುತ್ತೇನೆ, ಪಿಂಚಣಿಯಲ್ಲಿ ಬದುಕುವವಳು ಎಂದೆಲ್ಲ ಬರೆದಿದ್ದರು. ಎಲ್ಲವೂ ನಿಜ. ಆದರೆ ಕಚೇರಿಯಲ್ಲಿ ಅದನ್ನು ಓದಿದವರಿಗೆ ಕಂಡದ್ದು ‘ಬಿಲ್ಲು ಜಾಸ್ತಿ ಬಂದಿದೆ’ ಎಂಬ ದೂರು ಮಾತ್ರ. ಅಂಥ ದೂರಿಗೆ ಅವರಲ್ಲಿ ಒಂದು ಸಿದ್ಧ ದಾರಿಯಿದೆ: ಶುಲ್ಕ ಕಟ್ಟಿಸಿಕೊಂಡು ಮೀಟರ್ ಪರೀಕ್ಷೆ ಮಾಡುವುದು. ಮಾಡಿದರು. ಮೀಟರ್ ಸರಿಯಾಗಿದೆ ಎಂದು ವರದಿ ಬಂತು. ದೂರು ಮುಗಿಯಿತು. ಮುಂದಿನ ತಿಂಗಳು ಮತ್ತೆ 221.

ಮೀಟರ್ ನಿಜಕ್ಕೂ ಸರಿಯಾಗಿಯೇ ಇತ್ತು. ಒಂದು ತಿಂಗಳು ಮಾತ್ರ ಬಿಲ್ಲು ತಪ್ಪಿದ್ದರೆ ರೀಡಿಂಗ್ ಬರೆದವರ ಕಣ್ತಪ್ಪು ಎನ್ನಬಹುದು, ಆ ಒಂದು ಬಿಲ್ಲು ತಿದ್ದಿದರೆ ಸಾಕು. ತಪ್ಪು ತಿಂಗಳು ತಿಂಗಳೂ ಮರುಕಳಿಸಿದರೆ ಅದರ ಬೇರು ಬಿಲ್ಲಿನಲ್ಲಿ ಇರುವುದಿಲ್ಲ. ಎಲ್ಲೋ ಒಂದು ದಾಖಲೆಯಲ್ಲಿ, ಒಂದು ಚೀಟಿಯಲ್ಲಿ, ಒಂದು ಸಂಪರ್ಕದಲ್ಲಿ ಇರುತ್ತದೆ. ಪತ್ರ ಬರೆಯುವ ಮುಂಚೆ ಅದು ಎಲ್ಲಿದೆ ಎಂದು ಅಂದಾಜಾದರೂ ಸಿಗಬೇಕು.

ನಾನು ಮೊದಲು ಕೇಳಿದ್ದು ಹಿಂದಿನ ವರ್ಷದ ಅದೇ ತಿಂಗಳುಗಳ ಬಿಲ್ಲು. ಹಿಂದಿನ ತಿಂಗಳಿಗೆ ಹೋಲಿಸಿದರೆ ‘ಬೇಸಿಗೆ ಅಲ್ಲವೇ ಅಮ್ಮಾ’ ಎಂದುಬಿಡುತ್ತಾರೆ. 2024ರ ಏಪ್ರಿಲ್, ಮೇ, ಜೂನ್ ತಿಂಗಳಲ್ಲಿ ಚಿಕ್ಕಮ್ಮನದು 88, 84, 80. ಆಮೇಲೆ ಮಹಡಿ ಹತ್ತಿ ಮೇಲಿನವರನ್ನು ಕೇಳಿದೆ. ಅವರ ಹಿಂದಿನ ಬೇಸಿಗೆ 209, 220, 212. ಈ ಸಲ ಎಷ್ಟು ಬಂತು ಎಂದರೆ 90, 86, 82! ಎಸಿ ಇಟ್ಟುಕೊಂಡೂ ಸೊನ್ನೆ ಬಿಲ್ಲಿನ ಆಸುಪಾಸಿನಲ್ಲೇ ಇದ್ದರು. ಎರಡು ಸಾಲು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದಾಗ ಬೇರೆ ಸಾಕ್ಷಿ ಬೇಕಿಲ್ಲ ಅನ್ನಿಸಿತು. ಆದರೂ ಕಣ್ಣಾರೆ ನೋಡೋಣ ಎಂದು ಸಂಜೆ ಪರೀಕ್ಷೆ ಮಾಡಿದೆವು.

ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಹತ್ತಿರ 3200 imp/kWh ಎಂದು ಬರೆದಿದ್ದರೆ ಒಂದು ಯೂನಿಟ್ಟಿಗೆ 3,200 ಮಿಣುಕು ಎಂದರ್ಥ. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಸೆಕೆಂಡಿಗೆ ಸುಮಾರು ಒಂದು ಸಲ ಮಿಣುಕುತ್ತದೆ. ಎರಡೂ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿಸಿ, ಚಿಕ್ಕಮ್ಮನ ಮನೆಯೊಳಗಿನ ಮೇನ್ ಸ್ವಿಚ್ ಆರಿಸಿದೆವು. ಅವರ ಆರ್‌ಆರ್ ನಂಬರಿನ ಚೀಟಿ ಅಂಟಿಸಿದ್ದ ಮೀಟರು ಮಿಣುಕುತ್ತಲೇ ಇತ್ತು. ಪಕ್ಕದ್ದು ತಟ್ಟನೆ ನಿಂತಿತು. ಮೇಲಿನ ಮನೆಯದನ್ನು ಆರಿಸಿದಾಗ ಇದರ ಉಲ್ಟಾ. ಮೀಟರ್ ಬದಲಿಸಿದ ದಿನ ಚೀಟಿಗಳು ಅದಲುಬದಲಾಗಿದ್ದವು. ರೀಡಿಂಗ್ ತೆಗೆಯುವವರು ಚೀಟಿ ನೋಡಿ ಪ್ರಾಮಾಣಿಕವಾಗಿಯೇ ಬರೆದುಕೊಂಡು ಹೋಗುತ್ತಿದ್ದರು. ಒಂದು ಎಚ್ಚರಿಕೆ: ಮನೆಯೊಳಗಿನ ಸ್ವಿಚ್ ಆರಿಸುವುದಷ್ಟೇ ನಮ್ಮ ಕೆಲಸ. ಮೀಟರಿನ ಸೀಲು, ಹಲಗೆಯ ಫ್ಯೂಸು ಮುಟ್ಟಬಾರದು. ಸೀಲು ಕಿತ್ತರೆ ತಪ್ಪು ನಮ್ಮ ಮೇಲೆ ಬರುತ್ತದೆ.

ಈಗ ಒಂದು ಸೂಕ್ಷ್ಮ ಇತ್ತು. ತಪ್ಪು ತಿದ್ದಿದರೆ ಚಿಕ್ಕಮ್ಮನಿಗೆ ಬರುವ ದುಡ್ಡು ಮೇಲಿನವರ ತಲೆಯ ಮೇಲೆ ಬೀಳುತ್ತದೆ. ಅವರಿಗೆ ಹೇಳದೆ ಅರ್ಜಿ ಕೊಡುವುದು ನನಗೆ ಸರಿ ಕಾಣಲಿಲ್ಲ. ಹೇಳಿದಾಗ ಆ ಹುಡುಗ, “ನಿಮ್ಮ ದುಡ್ಡು ನಾನಿಟ್ಟುಕೊಂಡು ಏನು ಮಾಡಲಿ ಆಂಟಿ, ನಾನೂ ಸಹಿ ಹಾಕ್ತೀನಿ. ಒಂದೇ ಸಲ ಕಟ್ಟು ಅಂದರೆ ಮಾತ್ರ ಕಷ್ಟ” ಎಂದ. ಆ ಮಾತನ್ನೂ ಪತ್ರದಲ್ಲಿ ಸೇರಿಸಿದೆವು. ಎರಡೂ ಮನೆಯವರು ಸಹಿ ಮಾಡಿದ ಅರ್ಜಿಯನ್ನು ‘ಒಬ್ಬರ ಮಾತು’ ಎಂದು ಬದಿಗಿಡುವುದು ಕಷ್ಟ.

ಪತ್ರ ಒಂದೇ ಪುಟ. ವಿಳಾಸ, ಆರ್‌ಆರ್ ನಂಬರುಗಳನ್ನು ಬಿಟ್ಟು ಉಳಿದದ್ದು ಹೀಗಿತ್ತು:

“ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಅವರಿಗೆ,

ವಿಷಯ: ಒಂದೇ ಕಟ್ಟಡದ ಎರಡು ಮೀಟರುಗಳ ಆರ್‌ಆರ್ ನಂಬರ್ ಅದಲುಬದಲಾಗಿ, 2025ರ ಏಪ್ರಿಲ್‌ನಿಂದ ಮೂರು ತಿಂಗಳು ಸತತ ತಪ್ಪು ಬಿಲ್ ಬಂದಿರುವ ಬಗ್ಗೆ.

01-04-2025ರಂದು ನಮ್ಮ ಎರಡೂ ಮೀಟರುಗಳನ್ನು ಬದಲಿಸಲಾಯಿತು. ನಂತರದ ಏಪ್ರಿಲ್, ಮೇ, ಜೂನ್ ಬಿಲ್ಲುಗಳಲ್ಲಿ ಕೆಳಮನೆಗೆ 214, 228, 221 ಯೂನಿಟ್, ಮೇಲ್ಮನೆಗೆ 90, 86, 82 ಯೂನಿಟ್ ನಮೂದಾಗಿದೆ. 2024ರ ಇದೇ ತಿಂಗಳುಗಳಲ್ಲಿ ಕೆಳಮನೆಯದು 88, 84, 80, ಮೇಲ್ಮನೆಯದು 209, 220, 212 ಇತ್ತು. 06-07-2025ರ ಸಂಜೆ ಕೆಳಮನೆಯ ಮೇನ್ ಸ್ವಿಚ್ ಆರಿಸಿದಾಗ, ಮೇಲ್ಮನೆಯ ಆರ್‌ಆರ್ ನಂಬರ್ ಇರುವ ಮೀಟರು ನಿಂತಿತು. ಇದನ್ನು ನಾವಿಬ್ಬರೂ ನೋಡಿದ್ದೇವೆ. ಮೀಟರುಗಳ ಕ್ರಮಸಂಖ್ಯೆ ಮತ್ತು ಆ ದಿನದ ರೀಡಿಂಗ್ ಕಾಣುವ ಫೋಟೊ ಲಗತ್ತಿಸಿದೆ. ಮೀಟರ್ ದೋಷವಿದೆ ಎಂಬುದು ನಮ್ಮ ದೂರಲ್ಲ. ಮತ್ತೆ ಪರೀಕ್ಷೆ ಬೇಕಿಲ್ಲ.

ನಮ್ಮ ಕೋರಿಕೆ: ಈ ಪತ್ರ ತಲುಪಿದ 15 ದಿನದೊಳಗೆ ನಮ್ಮ ಸಮ್ಮುಖದಲ್ಲಿ ಸ್ಥಳ ಪರಿಶೀಲನೆ ಮಾಡಿ, ಯಾವ ಆರ್‌ಆರ್ ನಂಬರಿಗೆ ಯಾವ ಕ್ರಮಸಂಖ್ಯೆಯ ಮೀಟರು ಎಂದು ದಾಖಲೆಯಲ್ಲಿ ಸರಿಪಡಿಸಿ ಅದರ ಪ್ರತಿ ಕೊಡಬೇಕು. ಮೂರೂ ತಿಂಗಳ ಬಿಲ್ಲನ್ನು ಎರಡೂ ಮನೆಗೆ ಗೃಹಜ್ಯೋತಿ ಸಹಿತ ಮರುಲೆಕ್ಕ ಹಾಕಿ, ಲೆಕ್ಕದ ಹಾಳೆ ಕೊಡಬೇಕು. ಕೆಳಮನೆಯವರು ಕಟ್ಟಿರುವ 3,537 ರೂಪಾಯಿಯಲ್ಲಿ ಏಪ್ರಿಲ್‌ನ ಹೆಚ್ಚುವರಿ 2 ಯೂನಿಟ್ಟಿನ ಮೊತ್ತ ಕಳೆದು ಉಳಿದದ್ದನ್ನು ಜಮಾ ಮಾಡಬೇಕು. ಮೇಲ್ಮನೆಯವರ ಬಾಕಿಯನ್ನು ಮೂರು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಬೇಕು.”

ಆ 2 ಯೂನಿಟ್ಟಿನ ಮಾತು ಯಾಕೆ ಬೇಕಿತ್ತು ಎಂದು ಚಿಕ್ಕಮ್ಮ ಕೇಳಿದರು. ಏಪ್ರಿಲ್‌ನಲ್ಲಿ ಅವರು ನಿಜಕ್ಕೂ ಬಳಸಿದ್ದು 90, ಉಚಿತ ಇರುವುದು 88. ಪೂರ್ತಿ ದುಡ್ಡು ವಾಪಸ್ ಕೊಡಿ ಎಂದು ಬರೆದಿದ್ದರೆ, ಲೆಕ್ಕ ನೋಡುವ ಗುಮಾಸ್ತರು ಮೊದಲು ಹಿಡಿಯುತ್ತಿದ್ದದ್ದು ಅದನ್ನೇ. ನಮ್ಮ ವಿರುದ್ಧದ ಅಂಕಿಯನ್ನೂ ನಾವೇ ಬರೆದಾಗ ಉಳಿದ ಅಂಕಿಗಳಿಗೆ ತೂಕ ಬರುತ್ತದೆ. ಹಾಗೆಯೇ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂಬ ಸಾಲು ನಮ್ಮ ಪತ್ರದಲ್ಲಿಲ್ಲ. ಮೀಟರ್ ಪರೀಕ್ಷೆ ಮಾಡಿದ್ದೂ ಅವರ ಪ್ರಕಾರ ಸೂಕ್ತ ಕ್ರಮವೇ ಆಗಿತ್ತಲ್ಲ. ಆಯಿತೋ ಇಲ್ಲವೋ ಎಂದು ನಾಳೆ ನಾವೇ ನೋಡಿ ಹೇಳಬಹುದಾದದ್ದನ್ನು ಮಾತ್ರ ಕೇಳಬೇಕು.

ಇನ್ನೊಂದು ಚಿಂತೆ ಜೂನ್ ತಿಂಗಳ 1,768 ರೂಪಾಯಿ. ಅದರ ಕೊನೆಯ ದಿನಾಂಕ ಹತ್ತಿರ ಬಂದಿತ್ತು. ದೂರು ಕೊಟ್ಟ ಮಾತ್ರಕ್ಕೆ ಬಿಲ್ಲು ನಿಲ್ಲುವುದಿಲ್ಲ, ಕಟ್ಟದೇ ಇದ್ದರೆ ಲೈನ್‌ಮನ್ ಬಂದು ಫ್ಯೂಸು ತೆಗೆಯಬಹುದು. ಆದರೆ ಹಾಗೆ ತೆಗೆಯುವ ಮುಂಚೆ ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡಬೇಕು ಎಂದು ವಿದ್ಯುತ್ ಕಾಯ್ದೆ 2003ರ 56ನೇ ಕಲಂ ಹೇಳುತ್ತದೆ. ಅದೇ ಕಲಮಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಮಾತಿದೆ. ತಕರಾರು ಇರುವವರು ಬಿಲ್ಲಿನ ಪೂರ್ತಿ ಮೊತ್ತವನ್ನೋ, ಹಿಂದಿನ ಆರು ತಿಂಗಳು ಕಟ್ಟಿದ್ದರ ಸರಾಸರಿಯನ್ನೋ, ಯಾವುದು ಕಡಿಮೆಯೋ ಅದನ್ನು ‘ಆಕ್ಷೇಪಣೆಗೆ ಒಳಪಟ್ಟು’ ಕಟ್ಟಿದರೆ, ತಕರಾರು ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಚಿಕ್ಕಮ್ಮನಿಗೆ ಹಿಂದಿನ ಆರು ತಿಂಗಳಲ್ಲಿ ನಾಲ್ಕು ಸೊನ್ನೆ ಬಿಲ್ಲು, ಎರಡರ ಮೊತ್ತ 3,537. ಆರರಿಂದ ಭಾಗಿಸಿದರೆ 590 ರೂಪಾಯಿ. ಅಷ್ಟೇ ಕಟ್ಟಿದೆವು. ಕೌಂಟರಿನಲ್ಲಿ ಕಡಿಮೆ ಮೊತ್ತ ತೆಗೆದುಕೊಳ್ಳಲು ಆಗುವುದಿಲ್ಲ ಎಂದರು. ಕಲಂ ಸಂಖ್ಯೆ ಬರೆದ ಎರಡು ಸಾಲಿನ ಚೀಟಿಗೆ ಅಧಿಕಾರಿಯ ಸಹಿ ಹಾಕಿಸಿಕೊಂಡು ಬಂದ ಮೇಲೆ ತೆಗೆದುಕೊಂಡರು.

ಪತ್ರಕ್ಕೆ ಎರಡು ಪ್ರತಿ ಮಾಡಿಸಿದ್ದೆವು. ಒಂದನ್ನು ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆವು. ಆ ನಂಬರೇ ಮುಂದಿನ ಮೆಟ್ಟಿಲಿಗೆ ದಾರಿ. ಉಪವಿಭಾಗದಲ್ಲಿ ಕೆಲಸ ಆಗದಿದ್ದರೆ ಕಂಪನಿಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿಯೂ ಆಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಎರಡನ್ನೂ ಅದೇ ಕಾಯ್ದೆಯ 42ನೇ ಕಲಂ ಮಾಡಿಟ್ಟಿದೆ. ಫೋನ್ ಬಿಲ್ಲಿನಲ್ಲಿ ಕೇಳದ ಸೇವೆಗೆ ತಿಂಗಳು ತಿಂಗಳೂ ದುಡ್ಡು ಹಾಕುತ್ತಿದ್ದರೂ ದಾರಿ ಹೀಗೆಯೇ: ದೂರು ಕೇಂದ್ರ ಕೊಡುವ ಡಾಕೆಟ್ ನಂಬರ್ ಬರೆದಿಟ್ಟುಕೊಂಡು, ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಅಲ್ಲೂ ಈ ತಿಂಗಳ ದುಡ್ಡನ್ನಷ್ಟೇ ವಾಪಸ್ ಕೇಳಿ ಸುಮ್ಮನಾದರೆ ಮುಂದಿನ ತಿಂಗಳು ಮತ್ತೆ ಬರುತ್ತದೆ. ಆ ಸೇವೆಯನ್ನೇ ನಂಬರಿನಿಂದ ತೆಗೆದು, ತೆಗೆದ ದಿನಾಂಕವನ್ನು ಬರೆದು ತಿಳಿಸಿ ಎನ್ನಬೇಕು.

ಹನ್ನೊಂದನೆಯ ದಿನ ಶಾಖಾಧಿಕಾರಿ ಒಬ್ಬ ಲೈನ್‌ಮನ್ ಜೊತೆ ಬಂದರು. ಸ್ವಿಚ್ ಆರಿಸಿ ನೋಡಲು ಐದು ನಿಮಿಷ ಸಾಕಾಯಿತು. ಚೀಟಿಗಳು ಅವತ್ತೇ ಸರಿಯಾದವು. ಮುಂದಿನ ಬಿಲ್ಲಿನಲ್ಲಿ ಯೂನಿಟ್ ಸರಿಯಾಗಿತ್ತು, ಆದರೆ ಜಮಾ ಆದದ್ದು ಮೇ ತಿಂಗಳದ್ದು ಮಾತ್ರ. ಏಪ್ರಿಲ್ ಬಿಟ್ಟುಹೋಗಿತ್ತು, ಲೆಕ್ಕದ ಹಾಳೆಯೂ ಬಂದಿರಲಿಲ್ಲ. ಚಿಕ್ಕಮ್ಮ ಈ ಸಲ ನನ್ನನ್ನು ಕರೆಯಲಿಲ್ಲ. ಮೊದಲ ಪತ್ರದ ಇನ್‌ವರ್ಡ್ ನಂಬರ್ ಹಾಕಿ, ಆದದ್ದೇನು, ಉಳಿದದ್ದೇನು ಎಂದು ತಾವೇ ನಾಲ್ಕು ಸಾಲು ಬರೆದು, ಎರಡು ಪ್ರತಿ ಮಾಡಿಸಿಕೊಂಡು, ಕೊಡೆ ಹಿಡಿದು ಕಚೇರಿಗೆ ಹೋಗಿ ಬಂದರು. ಏಪ್ರಿಲ್‌ನ ದುಡ್ಡು, 2 ಯೂನಿಟ್ ಕಳೆದು, ಸೆಪ್ಟೆಂಬರಿನಲ್ಲಿ ಜಮಾ ಆಯಿತು.